ಬಳಸದ ಸೀಟಿಗೆ ಬಾಡಿಗೆ ಯಾಕೆ? ಸಾಫ್ಟ್‌ವೇರ್ ಲೈಸೆನ್ಸ್ ಕಡಿತದಿಂದ ಅಕೌಂಟ್ ಮುಚ್ಚುವವರೆಗೆ

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನಮ್ಮದು ಪಂಪು, ಮೋಟರು ಮತ್ತು ಅವುಗಳ ಬಿಡಿಭಾಗಗಳ ಸಗಟು ಅಂಗಡಿ. ಗದಗದಲ್ಲಿ ಒಂದು ಸಣ್ಣ ಶಾಖೆ ಇದೆ. ಹಾವೇರಿ, ರಾಣೆಬೆನ್ನೂರು ಕಡೆಗೆ ಒಬ್ಬ ಹುಡುಗ ಬೈಕಿನ ಮೇಲೆ ತಿರುಗುತ್ತಾನೆ. ಯಾವ ಗಿರಾಕಿಗೆ ಯಾವಾಗ ಫೋನ್ ಮಾಡಬೇಕು, ಯಾರಿಗೆ ಎಷ್ಟು ರೇಟು ಕೊಟ್ಟಿದ್ದೇವೆ ಅನ್ನೋದನ್ನು ಇಡೋದಕ್ಕೆ ಒಂದು ಫಾಲೋಅಪ್ ಸಾಫ್ಟ್‌ವೇರ್ ತೆಗೆದುಕೊಂಡಿದ್ದೆವು. ಅದರ ಹೆಸರು ಇಲ್ಲಿ ಬೇಡ. ಇಂಥ ಸಾಫ್ಟ್‌ವೇರ್‌ಗಳು ಹೆಚ್ಚುಕಡಿಮೆ ಒಂದೇ ರೀತಿ ನಡೆಯುತ್ತವೆ.

ಲೆಕ್ಕ ಹೀಗಿತ್ತು. 11 ಸೀಟು, ಅಂದರೆ 11 ಜನರ ಲಾಗಿನ್. ಒಂದು ಸೀಟಿಗೆ ತಿಂಗಳಿಗೆ 850 ರೂಪಾಯಿ. ಅಂದರೆ ತಿಂಗಳಿಗೆ 9,350, ಅದರ ಮೇಲೆ ಶೇ. 18 ಜಿಎಸ್‌ಟಿ, ಒಟ್ಟು 11,033 ರೂಪಾಯಿ. ಪ್ರತಿ ತಿಂಗಳು ಕಾರ್ಡಿನಿಂದ ತಾನಾಗಿಯೇ ಹೋಗುತ್ತಿತ್ತು. ಇಂಥ ಕಡಿತಕ್ಕೆ ರಿಸರ್ವ್ ಬ್ಯಾಂಕಿನ ನಿಯಮದಲ್ಲಿ 15,000 ರೂಪಾಯಿವರೆಗೆ ಪ್ರತಿ ಸಲ ಒಟಿಪಿ ಕೇಳುವುದಿಲ್ಲ. ಕೇಳಿದ್ದರೆ ನಾನು ಮೊದಲೇ ಎಚ್ಚರಾಗುತ್ತಿದ್ದೆನೋ ಏನೋ. ಒಂದು ದಿನ ಗದಗ ಶಾಖೆಯ ಹುಡುಗನಿಗೆ ಫೋನ್ ಮಾಡಿ, ಲಿಸ್ಟಿನಲ್ಲಿ ಕಂಡ ಒಂದು ಹೆಸರು ಹೇಳಿ, ಇವನು ದಿನಾ ಎಂಟ್ರಿ ಮಾಡುತ್ತಾನಾ ಅಂತ ಕೇಳಿದೆ. "ಅವ್ರು ಕೆಲಸಾ ಬಿಟ್ಟು ಎರಡು ವರ್ಷ ಆತಲ್ರೀ ಸರ" ಅಂದ.

ಅಲ್ಲಿಂದ ಶುರುವಾದ ಕೆಲಸ ಅಕೌಂಟ್ ಮುಚ್ಚುವವರೆಗೂ ಹೋಯಿತು. ಮಾಡಿದ ಕ್ರಮ, ಮಾಡಿದ ತಪ್ಪು ಎರಡನ್ನೂ ಬರೆಯುತ್ತೇನೆ.

ಮೊದಲು ತಾರೀಖು ಹುಡುಕಿ, ಆಮೇಲೆ ಜನ

ಬಹಳ ಜನ ಮೊದಲು ಬಳಸದ ಹೆಸರು ಹುಡುಕಿ ಅಳಿಸುತ್ತಾರೆ. ನಾನೂ ಅದನ್ನೇ ಮಾಡಿದ್ದೆ. ಅದಕ್ಕಿಂತ ಮೊದಲು ನೋಡಬೇಕಾದದ್ದು ನಿಮ್ಮ ಪ್ಲಾನ್ ಯಾವುದು ಅನ್ನೋದು.

ಸೀಟು ಲೆಕ್ಕದ ಪ್ಲಾನ್‌ಗಳಲ್ಲಿ ಎರಡು ಬಗೆ. ಒಂದು ತಿಂಗಳ ಪ್ಲಾನ್. ಈ ತಿಂಗಳು ಎಷ್ಟು ಜನ ಇದ್ದಾರೋ ಅಷ್ಟಕ್ಕೆ ಬಿಲ್ಲು. ಇನ್ನೊಂದು ವರ್ಷದ ಕರಾರು. ವರ್ಷದ ಕರಾರಿನಲ್ಲೂ ಹಣ ತಿಂಗಳು ತಿಂಗಳು ಹೋಗಬಹುದು, ಅಲ್ಲೇ ನಾವು ಮೋಸ ಹೋಗೋದು. ಹಣ ತಿಂಗಳಿಗೊಮ್ಮೆ ಹೋಗುತ್ತಿದೆ ಅಂದರೆ ಪ್ಲಾನ್ ತಿಂಗಳದ್ದು ಅಂತ ಅಲ್ಲ. ವರ್ಷದ ಕರಾರಿನಲ್ಲಿ ನಡುವೆ ಸೀಟು ಸೇರಿಸಬಹುದು, ಇಳಿಸಲು ಆಗುವುದಿಲ್ಲ. ಇಳಿಸೋದಕ್ಕೆ ರಿನ್ಯೂವಲ್ ದಿನವೇ ಬರಬೇಕು.

ನಿಮಗೆ ಗೊತ್ತಿರುವ ಎರಡು ಉದಾಹರಣೆ ಕೊಡುತ್ತೇನೆ. ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ `Flexible Plan` ಇದ್ದರೆ ಒಬ್ಬ ಬಳಕೆದಾರನನ್ನು ಅಳಿಸಿದ ಮೇಲೆ ಬಿಲ್ಲು ಇಳಿಯುತ್ತದೆ. `Annual/Fixed-Term Plan` ಇದ್ದರೆ ಅಳಿಸಿದರೂ ಬಿಲ್ಲು ಅಷ್ಟೇ, ರಿನ್ಯೂವಲ್‌ವರೆಗೆ ಕಾಯಬೇಕು. ಮೈಕ್ರೋಸಾಫ್ಟ್ 365ರಲ್ಲಿ ಕರಾರು ಶುರುವಾದ ಅಥವಾ ರಿನ್ಯೂ ಆದ ಮೊದಲ 7 ದಿನದೊಳಗೆ ಮಾತ್ರ ಲೈಸೆನ್ಸ್ ಸಂಖ್ಯೆ ಇಳಿಸಲು ಬಿಡುತ್ತಾರೆ. ಅದು ದಾಟಿದರೆ ಮುಂದಿನ ರಿನ್ಯೂವಲ್.

ನಮ್ಮದು ವರ್ಷದ ಕರಾರು, ಅಕ್ಟೋಬರ್ 10ಕ್ಕೆ ರಿನ್ಯೂವಲ್. ಬಿಲ್ಲಿನ ಪುಟದಲ್ಲಿ ಇಷ್ಟೇ ಇರುತ್ತದೆ. ಕರಾರಿನ ಷರತ್ತಿನೊಳಗೆ ಇನ್ನೊಂದು ಸಾಲು ಇತ್ತು: ಬದಲಾವಣೆ ಬೇಕಿದ್ದರೆ 30 ದಿನ ಮೊದಲು ತಿಳಿಸಬೇಕು. ಅಂದರೆ ನಿಜವಾದ ಕೊನೆಯ ದಿನ ಸೆಪ್ಟೆಂಬರ್ 10. ಹಿಂದಿನ ವರ್ಷ ಸೆಪ್ಟೆಂಬರ್ 25ಕ್ಕೆ ಮೇಲ್ ಹಾಕಿ, 15 ದಿನ ಮೊದಲೇ ಹೇಳಿದೆನಲ್ಲ ಅಂತ ಸಮಾಧಾನದಿಂದ ಕೂತಿದ್ದೆ. ಅವರು ಆ ಸಾಲನ್ನು ತೋರಿಸಿದರು. ಇನ್ನೊಂದು ವರ್ಷ 11 ಸೀಟು. ತಪ್ಪು ನನ್ನದೇ, ಓದಿರಲಿಲ್ಲ.

ಹಾಗಾಗಿ ಪ್ಲಾನ್ ಬಗೆ, ರಿನ್ಯೂವಲ್ ದಿನ, ಎಷ್ಟು ದಿನ ಮೊದಲು ತಿಳಿಸಬೇಕು, ಕನಿಷ್ಠ ಎಷ್ಟು ಸೀಟು ಇರಲೇಬೇಕು, ಈ ನಾಲ್ಕನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ತಿಳಿಸುವ ಕೊನೆಯ ದಿನಕ್ಕಿಂತ ಒಂದು ತಿಂಗಳು ಮೊದಲು ಫೋನಿನಲ್ಲಿ ಅಲಾರ್ಮ್ ಇಡಿ. ನಾನು ಆಗಸ್ಟ್ 10ಕ್ಕೆ ಇಟ್ಟೆ. ಗಣಪತಿ ಹಬ್ಬದ ಗದ್ದಲದಲ್ಲಿ ನೆನಪಾಗೋ ವಿಷಯ ಅಲ್ಲ ಇದು.

ಯಾರು ನಿಜವಾಗಿ ಬಳಸುತ್ತಿದ್ದಾರೆ

ಅಡ್ಮಿನ್ ಪುಟದಲ್ಲಿ ಬಳಕೆದಾರರ ಪಟ್ಟಿ ತೆಗೆದರೆ ಕೊನೆಯ ಲಾಗಿನ್ ದಿನಾಂಕ ಕಾಣುತ್ತದೆ. ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ ಅದು `Directory` ಒಳಗಿನ `Users` ಪುಟದಲ್ಲಿ `Last sign in` ಅನ್ನೋ ಕಾಲಂ. 90 ದಿನದಿಂದ ಒಳಗೆ ಬರದವರಿಗೆ ಗುರುತು ಹಾಕಿ. ನಮ್ಮಲ್ಲಿ 11ರಲ್ಲಿ 6 ಹೆಸರು ಸಿಕ್ಕವು.

ಆದರೆ ಆ ದಿನಾಂಕವನ್ನು ಪೂರಾ ನಂಬಬೇಡಿ. ಮೊಬೈಲ್ ಆ್ಯಪಿನಲ್ಲಿ ಒಮ್ಮೆ ಲಾಗಿನ್ ಆದವನು ತಿಂಗಳುಗಟ್ಟಲೆ ಹಾಗೇ ಇರಬಹುದು. ದಿನಾ ಕೆಲಸ ಮಾಡುತ್ತಾನೆ, ಕೊನೆಯ ಲಾಗಿನ್ ಮಾತ್ರ ನಾಲ್ಕು ತಿಂಗಳ ಹಿಂದಿನದು ಅಂತ ತೋರಿಸುತ್ತದೆ. ಇದಕ್ಕೆ ಉಲ್ಟಾನೂ ಆಗುತ್ತದೆ. ಕೆಲಸ ಬಿಟ್ಟವನ ಹೆಸರಿನಲ್ಲಿ ನಿನ್ನೆ ಲಾಗಿನ್ ಆಗಿದೆ ಅಂದರೆ ಯಾರೋ ಅವನ ಪಾಸ್‌ವರ್ಡ್ ಬಳಸುತ್ತಿದ್ದಾರೆ, ಇಲ್ಲವೇ ಯಾವುದೋ ಬೇರೆ ಸಾಫ್ಟ್‌ವೇರ್ ಆ ಹೆಸರಿನ ಮೂಲಕ ಒಳಗೆ ಬರುತ್ತಿದೆ. ಅದಕ್ಕೇ ಲಾಗಿನ್ ಜೊತೆಗೆ ಇನ್ನೊಂದನ್ನು ನೋಡಬೇಕು. ಆ ಹೆಸರಿನಲ್ಲಿ ಕೊನೆಯದಾಗಿ ಯಾವ ಎಂಟ್ರಿ ಆಗಿದೆ, ಯಾವಾಗ ತಿದ್ದಲಾಗಿದೆ. ರೆಕಾರ್ಡುಗಳ ಪಟ್ಟಿಯನ್ನು ತಿದ್ದಿದ ದಿನಾಂಕದ ಮೇಲೆ ಸಾಲಾಗಿ ಇಟ್ಟರೆ ಹತ್ತು ನಿಮಿಷದ ಕೆಲಸ.

ನಮ್ಮ 6 ಹೆಸರಿನಲ್ಲಿ ಮೂವರು ಕೆಲಸ ಬಿಟ್ಟವರು. ಇಬ್ಬರು ಒಂದು ಸಲವೂ ಲಾಗಿನ್ ಆಗದವರು. ಅವರಿಗೆ ಕಳಿಸಿದ್ದ ಆಮಂತ್ರಣದ ಮೇಲ್ ಇನ್ನೂ ಹಾಗೇ ಬಿದ್ದಿತ್ತು, ಬಿಲ್ಲು ಮಾತ್ರ ಮೊದಲ ದಿನದಿಂದ ಓಡುತ್ತಿತ್ತು. ಆರನೆಯವನು ಕೌಂಟರಿನ ಹುಡುಗ. ಪಕ್ಕದವನ ಲಾಗಿನ್ನಿನಲ್ಲೇ ಕೆಲಸ ಮುಗಿಸುತ್ತಿದ್ದ. ಉಳಿದ ಐದು ಜನರಲ್ಲಿ ನಮ್ಮ ಲೆಕ್ಕಿಗರು ತಿಂಗಳಿಗೆ ಒಮ್ಮೆ ಬಂದು ಒಂದು ರಿಪೋರ್ಟ್ ನೋಡಿ ಹೋಗುತ್ತಿದ್ದರು. ಒಂದು ರಿಪೋರ್ಟಿಗೆ ಒಂದು ಸೀಟು! ಪ್ರತಿ ತಿಂಗಳ 1ನೇ ತಾರೀಖು ಆ ರಿಪೋರ್ಟ್ ತಾನಾಗಿ ಅವರ ಮೇಲ್‌ಗೆ ಹೋಗುವಂತೆ ಇಟ್ಟೆ. ಹಾಗೆ ನಿಜವಾಗಿ ಬೇಕಾದವು 4 ಸೀಟು. ಕಡಿಯಬಹುದಾದವು 7. ಜಿಎಸ್‌ಟಿ ಬಿಟ್ಟು ವರ್ಷಕ್ಕೆ 71,400 ರೂಪಾಯಿ.

ಜಿಎಸ್‌ಟಿ ಬಿಟ್ಟು ಯಾಕೆ ಲೆಕ್ಕ ಹಾಕಿದೆ ಅಂದರೆ, ಬಿಲ್ಲಿನ ಮೇಲೆ ನಮ್ಮ ಜಿಎಸ್‌ಟಿ ನಂಬರ್ ಇದ್ದು ನಾವು ಸಾಮಾನ್ಯ ನೋಂದಣಿಯಲ್ಲಿದ್ದರೆ ಆ ತೆರಿಗೆ ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಸಿಗುತ್ತದೆ. ಕಂಪೋಸಿಷನ್‌ನಲ್ಲಿ ಇರುವವರಿಗೆ ಸಿಗುವುದಿಲ್ಲ. ಅವರು 18 ಪರ್ಸೆಂಟನ್ನೂ ಸೇರಿಸಿ ಉಳಿತಾಯ ಲೆಕ್ಕ ಹಾಕಬೇಕು.

ಹೆಸರು ಅಳಿಸೋದು ಬೇರೆ, ಸೀಟು ಇಳಿಸೋದು ಬೇರೆ

ಇಡೀ ಕೆಲಸದಲ್ಲಿ ಅತಿ ಹೆಚ್ಚು ಜನ ಎಡವೋದು ಇಲ್ಲೇ. ವರ್ಷದ ಕರಾರಿನಲ್ಲಿ ಬಳಕೆದಾರನನ್ನು ಅಳಿಸಿದರೆ ಒಂದು ಸೀಟು ಖಾಲಿ ಆಗುತ್ತದೆ ಅಷ್ಟೇ. ಖಾಲಿ ಸೀಟಿಗೂ ಬಿಲ್ಲು ಬರುತ್ತದೆ. ಬಿಲ್ಲಿಂಗ್ ಪುಟಕ್ಕೆ ಹೋಗಿ ಕೊಂಡಿರುವ ಸೀಟುಗಳ ಸಂಖ್ಯೆಯನ್ನೇ ಬೇರೆಯಾಗಿ ಇಳಿಸಬೇಕು. ಮೈಕ್ರೋಸಾಫ್ಟ್ 365ರಲ್ಲೂ ಹಾಗೇ: ಬಳಕೆದಾರನಿಂದ ಲೈಸೆನ್ಸ್ ತೆಗೆಯುವುದು ಒಂದು ಪುಟ, `Billing` ಒಳಗೆ ಲೈಸೆನ್ಸ್ ಸಂಖ್ಯೆ ಇಳಿಸುವುದು ಇನ್ನೊಂದು ಪುಟ. ಇನ್ನೊಂದು ಬಲೆ ಅಂದರೆ ಸಸ್ಪೆಂಡ್. ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ ಸಸ್ಪೆಂಡ್ ಮಾಡಿದ ಬಳಕೆದಾರನಿಗೂ ಪೂರ್ತಿ ಬಿಲ್ಲು ಬರುತ್ತದೆ. ಬೀಗ ಹಾಕಿದ ಮನೆಗೂ ಬಾಡಿಗೆ ಕಟ್ಟಿದ ಹಾಗೆ.

ಹಾಗಂತ ಸಸ್ಪೆಂಡ್ ಮಾಡಲೇಬೇಡಿ ಅಂತ ಅಲ್ಲ. ಅಳಿಸುವ ಮೊದಲು ಒಂದು ವಾರ ಸಸ್ಪೆಂಡ್ ಮಾಡಿ ನೋಡಿ. ಎಲ್ಲಿ ಏನು ನಿಲ್ಲುತ್ತದೆ ಅಂತ ಗೊತ್ತಾಗುತ್ತದೆ. ನಾವು ಕೆಲಸ ಬಿಟ್ಟ ಒಬ್ಬನ ಹೆಸರನ್ನು ಸಸ್ಪೆಂಡ್ ಮಾಡಿದ ದಿನವೇ ವೆಬ್‌ಸೈಟಿನ ಎನ್‌ಕ್ವಯರಿ ಫಾರ್ಮ್ ಸದ್ದಿಲ್ಲದೆ ನಿಂತಿತು. ಆ ಫಾರ್ಮನ್ನು ಜೋಡಿಸಿದವನು ಅವನೇ, ಜೋಡಣೆ ಅವನ ಲಾಗಿನ್ನಿನ ಮೇಲೆ ನಡೆಯುತ್ತಿತ್ತು. ಯಾವ ಸೂಚನೆಯೂ ಬರಲಿಲ್ಲ. ಮೂರು ದಿನ ಒಂದೂ ಎನ್‌ಕ್ವಯರಿ ಇಲ್ಲ ಅಂತ ಅನುಮಾನ ಬಂದು, ನಾನೇ ಫಾರ್ಮ್ ತುಂಬಿ ಕಳಿಸಿದಾಗ ಗೊತ್ತಾಯಿತು. ಸಸ್ಪೆಂಡ್ ತೆಗೆದು, ಜೋಡಣೆಯನ್ನು ನನ್ನ ಲಾಗಿನ್ನಿಗೆ ಬದಲಾಯಿಸಿ, ಆಮೇಲೆ ಅವನನ್ನು ಅಳಿಸಿದೆ. ಫಾರ್ಮ್, ವಾಟ್ಸ್‌ಆ್ಯಪ್, ಫೋನ್ ಕಾಲ್ ರೆಕಾರ್ಡ್ ಹೀಗೆ ಏನೇನು ಜೋಡಿಸಿದೆಯೋ ಎಲ್ಲಕ್ಕೂ ನೀವೇ ಒಂದು ಪರೀಕ್ಷೆಯ ಎಂಟ್ರಿ ಕಳಿಸಿ ನೋಡಿ.

ಅಳಿಸುವ ಮೊದಲು ಮಾಡಲೇಬೇಕಾದ ಇನ್ನೊಂದು ಕೆಲಸ ಅಂದರೆ ಅವನ ಹೆಸರಿನಲ್ಲಿರುವ ಗಿರಾಕಿಗಳನ್ನು ಬೇರೆಯವರ ಹೆಸರಿಗೆ ವರ್ಗಾಯಿಸುವುದು. ಕೆಲವು ಸಾಫ್ಟ್‌ವೇರ್ ಅಳಿಸುವಾಗ ತಾನೇ ಕೇಳುತ್ತದೆ. ಕೆಲವು ಕೇಳುವುದಿಲ್ಲ, ಆ ಗಿರಾಕಿಗಳು ಯಾರ ಪಟ್ಟಿಯಲ್ಲೂ ಕಾಣದೆ ಕೂತುಬಿಡುತ್ತಾರೆ. ಮೊದಲು ಆ ಹೆಸರಿನ ಮೇಲೆ ಫಿಲ್ಟರ್ ಹಾಕಿ, ಎಷ್ಟು ಬಂತು ಬರೆದುಕೊಳ್ಳಿ, ಎಲ್ಲವನ್ನೂ ಆಯ್ದು ಹೊಸ ಹೆಸರಿಗೆ ಹಾಕಿ. ಮತ್ತೆ ಫಿಲ್ಟರ್ ಹಾಕಿದಾಗ ಸೊನ್ನೆ ಬಂದರೆ ಮಾತ್ರ ಅಳಿಸಿ.

ಮೇಲ್ ಸೀಟು ತೆಗೆಯುವ ಮುಂಚೆ

ಮೇಲ್ ವಿಚಾರದಲ್ಲಿ ಅವಸರ ಬೇಡ. ಕೆಲಸ ಬಿಟ್ಟವನ ಮೇಲ್ ಐಡಿ ಬರೀ ಪತ್ರದ ಡಬ್ಬಿ ಅಲ್ಲ, ಹಲವು ಬಾಗಿಲುಗಳ ಕೀಲಿ ಅದು. ಜಿಎಸ್‌ಟಿ ಪೋರ್ಟಲಿನಲ್ಲಿ ಅಧಿಕೃತ ಸಹಿದಾರರ ಹೆಸರಿನ ಜೊತೆ ಯಾವ ಮೇಲ್ ಇದೆ? ಇ-ವೇ ಬಿಲ್ಲಿಗೆ ಯಾವುದು? ವೆಬ್‌ಸೈಟಿನ ಡೊಮೇನ್ ಯಾವ ಮೇಲ್ ಮೇಲೆ ನೋಂದಣಿ ಆಗಿದೆ? ಬ್ಯಾಂಕಿನ ಸ್ಟೇಟ್‌ಮೆಂಟ್ ಎಲ್ಲಿಗೆ ಬರುತ್ತದೆ? ಹಳೆಯ ಲೆಕ್ಕಿಗರ ಐಡಿ ಅಳಿಸಿ, ಆಮೇಲೆ ಪಾಸ್‌ವರ್ಡ್ ಬದಲಿಸುವ ಒಟಿಪಿ ಆ ಸತ್ತ ಐಡಿಗೆ ಹೋದರೆ ತಲೆಬಿಸಿ. ಆ ಇನ್‌ಬಾಕ್ಸಿನಲ್ಲಿ `OTP`, `verify`, `invoice` ಅಂತ ಹುಡುಕಿದರೆ ಯಾವ ಯಾವ ಸೇವೆ ಆ ಐಡಿಗೆ ಅಂಟಿಕೊಂಡಿದೆ ಅಂತ ತಿಳಿಯುತ್ತದೆ. ಪ್ರತಿಯೊಂದರಲ್ಲೂ ಮೇಲ್ ಬದಲಿಸಿ, ಆಮೇಲೆ ಮುಂದಿನ ಹೆಜ್ಜೆ.

ಗೂಗಲ್ ವರ್ಕ್‌ಸ್ಪೇಸ್ ಆದರೆ ಕ್ರಮ ಹೀಗೆ. ಅಡ್ಮಿನ್ ಆಗಿ ಆ ಐಡಿಯ ಪಾಸ್‌ವರ್ಡ್ ಬದಲಿಸಿ, ಅದರಿಂದ ಒಳಗೆ ಹೋಗಿ, `takeout.google.com` ತೆಗೆಯಿರಿ. ಮೇಲ್ ಎಲ್ಲಾ `.mbox` ಫೈಲಾಗಿ ಬರುತ್ತದೆ. ತಯಾರಾದ ಕಟ್ಟಿನ ಲಿಂಕ್ ಒಂದು ವಾರ ಮಾತ್ರ ಇರುತ್ತದೆ, ಆ ವಾರದೊಳಗೆ ಇಳಿಸಿಕೊಳ್ಳಿ. ಆ ಫೈಲನ್ನು ಥಂಡರ್‌ಬರ್ಡ್ ಅನ್ನೋ ಉಚಿತ ಮೇಲ್ ಸಾಫ್ಟ್‌ವೇರ್‌ನಲ್ಲಿ ಒಂದು ಆ್ಯಡ್-ಆನ್ ಹಾಕಿ ತೆರೆಯಬಹುದು. ಟೇಕ್‌ಔಟ್‌ನಲ್ಲಿ ಅವನಿಗೆ ಬೇರೆಯವರು ಹಂಚಿಕೊಂಡ ಡ್ರೈವ್ ಫೈಲುಗಳು ಬರುವುದಿಲ್ಲ, ಅವನ ಸ್ವಂತ ಫೈಲು ಮಾತ್ರ. ಬಳಕೆದಾರನನ್ನು ಅಳಿಸುವಾಗ ಬರುವ ವರ್ಗಾವಣೆ ಆಯ್ಕೆಯಲ್ಲಿ ಡ್ರೈವ್ ಫೈಲುಗಳನ್ನು ನಿಮ್ಮ ಹೆಸರಿಗೆ ಹಾಕಿಕೊಳ್ಳಿ. ತಪ್ಪಾಗಿ ಅಳಿಸಿದ್ದರೆ 20 ದಿನದೊಳಗೆ ವಾಪಸ್ ತರಬಹುದು, ಆಮೇಲೆ ಇಲ್ಲ.

ಅಳಿಸಿದ ಮೇಲೂ ಆ ವಿಳಾಸಕ್ಕೆ ಗಿರಾಕಿಗಳ ಮೇಲ್ ಬರುತ್ತಲೇ ಇರುತ್ತದೆ. ಅದಕ್ಕೆ ಸೀಟು ಬೇಕಿಲ್ಲ. ಹಳೆಯ ವಿಳಾಸವನ್ನು ನಿಮ್ಮ ಐಡಿಗೆ ಇನ್ನೊಂದು ಹೆಸರಾಗಿ, ಅಂದರೆ ಅಲಿಯಾಸ್ ಆಗಿ ಸೇರಿಸಿದರೆ ಬಂದದ್ದೆಲ್ಲಾ ನಿಮಗೆ ಬರುತ್ತದೆ, ಪುಕ್ಕಟೆ.

ಇಳಿಸೋಣ ಅಂತ ಹೋದವರು ಮುಚ್ಚಿದ್ದು ಯಾಕೆ

ಆಗಸ್ಟಿನಲ್ಲಿ ನಾನು 4 ಸೀಟು ಸಾಕು ಅಂತ ಬರೆದೆ. ಆ ಪ್ಲಾನಿಗೆ ಕನಿಷ್ಠ 5 ಸೀಟು ಇರಬೇಕು ಅಂತ ಉತ್ತರ ಬಂತು. ವರ್ಷಕ್ಕೆ 51,000. ನಾಲ್ಕು ಜನ ಮಾಡುತ್ತಿದ್ದದ್ದು ನೆನಪಿನ ಫೋನ್ ಕಾಲ್ ಮತ್ತು ಕೊಟೇಶನ್ ಅಷ್ಟೇ. ಬಿಲ್ಲುಗಳು ಹೇಗೂ ಟ್ಯಾಲಿಯಲ್ಲಿ ಇವೆ. ಕೊಟೇಶನ್ ಕೂಡ ಅಲ್ಲೇ ಮಾಡಬಹುದು, ಫೋನ್ ಕಾಲಿನ ನೆನಪಿಗೆ ಒಂದು ಹಂಚಿಕೊಂಡ ಶೀಟ್ ಸಾಕು ಅಂತ ಲೆಕ್ಕ ಹಾಕಿ, ಮುಚ್ಚೋದೇ ಸೈ ಅಂದೆ. ಹತ್ತು ಜನ ದಿನಾ ಗಿರಾಕಿಗಳ ಬೆನ್ನು ಹತ್ತುವ ವ್ಯಾಪಾರ ಆಗಿದ್ದರೆ ಹೀಗೆ ಮಾಡುತ್ತಿರಲಿಲ್ಲ. ಶೀಟಿನಲ್ಲಿ ಇಬ್ಬರು ಒಂದೇ ಸಾಲನ್ನು ತಿದ್ದಿದರೆ ಜಗಳ ಶುರು.

ಡೇಟಾ ಹೊರಗೆ ತೆಗೆಯುವುದು

ಎಕ್ಸ್‌ಪೋರ್ಟ್ ಗುಂಡಿ ಒತ್ತಿದರೆ ಫೈಲ್ ಬರುತ್ತದೆ. ಆ ಫೈಲಿನಲ್ಲಿ ಎಲ್ಲಾ ಬಂದಿದೆಯಾ ಅನ್ನೋದೇ ಪ್ರಶ್ನೆ.

ನಮ್ಮ ಸಾಫ್ಟ್‌ವೇರ್‌ನ ಮುಖಪುಟದಲ್ಲಿ ಗಿರಾಕಿಗಳು 2,914 ಅಂತ ತೋರಿಸುತ್ತಿತ್ತು. ಕೌಂಟರಿನ ಹುಡುಗ ತೆಗೆದ ಫೈಲಿನಲ್ಲಿ 1,136 ಸಾಲು. ಕಾರಣ ಸುಲಭ: ಅವನು ಬಳಸಿದ ಲಾಗಿನ್ನಿಗೆ ಕಾಣುವ ಗಿರಾಕಿಗಳು ಮಾತ್ರ ಬಂದಿದ್ದರು. ನಾನು ಅಡ್ಮಿನ್ ಲಾಗಿನ್ನಿನಿಂದ ತೆಗೆದೆ, 2,760 ಬಂತು. ಇನ್ನೂ 154 ಕಡಿಮೆ. ಅವು ವ್ಯಾಪಾರ ನಿಲ್ಲಿಸಿದ ಅಂಗಡಿಗಳು ಅಂತ ನಾವೇ ಪಕ್ಕಕ್ಕೆ ಸರಿಸಿಟ್ಟಿದ್ದ ರೆಕಾರ್ಡುಗಳು. ಪಟ್ಟಿಯ ಮೇಲೆ ಯಾವುದೋ ಫಿಲ್ಟರ್ ಕೂತಿದ್ದರೆ ಎಕ್ಸ್‌ಪೋರ್ಟ್ ಕೂಡ ಆ ಫಿಲ್ಟರಿನಷ್ಟೇ ಬರುತ್ತದೆ. ಅವುಗಳನ್ನು ಬೇರೆಯಾಗಿ ತೆಗೆದು ಸೇರಿಸಿದಾಗ 2,914 ತಾಳೆ ಆಯಿತು. ಅದಕ್ಕೇ ಹೇಳೋದು, ಗುಂಡಿ ಒತ್ತುವ ಮೊದಲು ಪರದೆಯ ಮೇಲಿನ ಸಂಖ್ಯೆಗಳ ಫೋಟೋ ತೆಗೆದಿಟ್ಟುಕೊಳ್ಳಿ. ಅದು ಇಲ್ಲದಿದ್ದರೆ ಫೈಲಿನಲ್ಲಿ ಕಡಿಮೆ ಬಂದಿದ್ದೂ ಗೊತ್ತಾಗುವುದಿಲ್ಲ.

ಸಾಲುಗಳನ್ನು ನೋಟ್‌ಪ್ಯಾಡಿನಲ್ಲಿ ಎಣಿಸಬೇಡಿ. ವಿಳಾಸದ ಕಾಲಮಿನೊಳಗೆ ಎಂಟರ್ ಒತ್ತಿದ್ದರೆ ಒಬ್ಬ ಗಿರಾಕಿ ಎರಡು ಮೂರು ಸಾಲಾಗಿ ಕಾಣುತ್ತಾನೆ. ವಿಂಡೋಸ್‌ನ ಪವರ್‌ಶೆಲ್ ತೆಗೆದು, ಫೈಲ್ ಇರುವ ಫೋಲ್ಡರಿನಲ್ಲಿ ಹೀಗೆ ಹೊಡೆದರೆ ಸರಿಯಾದ ಸಂಖ್ಯೆ ಬರುತ್ತದೆ:

```
(Import-Csv .\customers.csv).Count
```

ಗಿರಾಕಿಗಳ ಪಟ್ಟಿ ಒಂದು ಫೈಲು. ಅವರ ಜೊತೆ ನಡೆದ ಮಾತಿನ ಟಿಪ್ಪಣಿಗಳು ಇನ್ನೊಂದು ಫೈಲು. ಕೊಟೇಶನ್ ಮತ್ತೊಂದು. ಇವುಗಳನ್ನು ಒಂದಕ್ಕೊಂದು ಹೊಂದಿಸುವುದು ರೆಕಾರ್ಡ್ ಐಡಿ ಅನ್ನೋ ಕಾಲಂ. ಎಕ್ಸ್‌ಪೋರ್ಟ್ ಮಾಡುವಾಗ ಯಾವ ಕಾಲಂ ಬೇಕು ಅಂತ ಕೇಳುತ್ತದೆ, ಎಲ್ಲರೂ ಆ ಉದ್ದ ನಂಬರನ್ನು ಬೇಡ ಅಂತ ಬಿಡುತ್ತಾರೆ. ಬಿಡಬೇಡಿ. ನಮ್ಮ ಕಡೆ ಬಸವೇಶ್ವರನ ಹೆಸರಿನ ಎಲೆಕ್ಟ್ರಿಕಲ್ ಅಂಗಡಿ ಊರಿಗೊಂದು ಇರುತ್ತದೆ. ಐಡಿ ಇಲ್ಲದೆ ಬರೀ ಹೆಸರಿನ ಮೇಲೆ ಹೊಂದಿಸಿದರೆ ರೋಣದ ಅಂಗಡಿಯ ಬಾಕಿ ಮಾತು ಬ್ಯಾಡಗಿಯ ಅಂಗಡಿಯ ತಲೆಗೆ ಬರುತ್ತದೆ.

ಇನ್ನು ಫೈಲನ್ನು ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆಯುವ ಚಾಳಿ. 91 ಸೇರಿಸಿದ ಫೋನ್ ನಂಬರಿಗೆ 12 ಅಂಕಿ. ಎಕ್ಸೆಲ್ ಅದನ್ನು `9.19E+11` ಅಂತ ತೋರಿಸುತ್ತದೆ. 15ಕ್ಕಿಂತ ಜಾಸ್ತಿ ಅಂಕಿಯ ಬ್ಯಾಂಕ್ ಖಾತೆ ನಂಬರ್ ಇದ್ದರೆ ಕೊನೆಯ ಅಂಕಿಗಳನ್ನು ಸೊನ್ನೆ ಮಾಡಿಬಿಡುತ್ತದೆ. ಆ ಸ್ಥಿತಿಯಲ್ಲಿ ಸೇವ್ ಮಾಡಿದರೆ ಮುಗಿಯಿತು, ಮೂಲ ಅಂಕಿ ಮತ್ತೆ ಸಿಗುವುದಿಲ್ಲ. ಕನ್ನಡದಲ್ಲಿ ಬರೆದ ಹೆಸರುಗಳು ವಿಚಿತ್ರ ಚಿಹ್ನೆಗಳಾಗಿ ಕಾಣಬಹುದು. ಹಾಗಾಗಿ ಖಾಲಿ ಎಕ್ಸೆಲ್ ತೆಗೆದು, `Data` ಒಳಗೆ `From Text/CSV` ಒತ್ತಿ, `65001: Unicode (UTF-8)` ಆರಿಸಿ, `Transform Data` ಒಳಗೆ ಹೋಗಿ ಫೋನ್ ಮತ್ತು ಖಾತೆಯ ಕಾಲಮುಗಳನ್ನು `Text` ಮಾಡಿ. ಮೂಲ ಫೈಲನ್ನು ಮಾತ್ರ ಮುಟ್ಟಬೇಡಿ, ಅದರ ನಕಲಿನ ಮೇಲೆ ಕೆಲಸ ಮಾಡಿ.

ದಿನಾಂಕಗಳನ್ನೂ ಒಮ್ಮೆ ನೋಡಿ. 03/04 ಅಂದರೆ ಏಪ್ರಿಲ್ 3ನೋ ಮಾರ್ಚ್ 4ನೋ? 12ಕ್ಕಿಂತ ದೊಡ್ಡ ಅಂಕಿ ಎಲ್ಲಿ ಕೂತಿದೆ ಅಂತ ನೋಡಿದರೆ ಗೊತ್ತಾಗುತ್ತದೆ. ಎರಡನೆಯ ಜಾಗದಲ್ಲಿ 25, 28 ಕಂಡರೆ ಮೊದಲು ತಿಂಗಳು ಬಂದಿದೆ ಅಂತ ಅರ್ಥ.

ಫೋಟೋಗಳ ಕಥೆ

ನಮಗೆ ಅತ್ಯಂತ ಬೆಲೆಬಾಳುವ ಡೇಟಾ ಅಂದರೆ ನೇಮ್‌ಪ್ಲೇಟ್ ಫೋಟೋಗಳು. ರೈತರ ಬೋರ್‌ವೆಲ್ ಮೋಟರ್ ಸುಟ್ಟಾಗ ಮೆಕ್ಯಾನಿಕ್ ಅದರ ತಗಡಿನ ಫೋಟೋ ಕಳಿಸುತ್ತಾನೆ. ಎಷ್ಟು ಎಚ್‌ಪಿ, ಎಷ್ಟು ಸ್ಟೇಜ್, ಎಲ್ಲಾ ಅದರಲ್ಲಿ ಇರುತ್ತದೆ. ಅಂಥ 2,310 ಫೋಟೋ ಆ ಸಾಫ್ಟ್‌ವೇರ್ ಒಳಗೆ ಇದ್ದವು. ಎಕ್ಸ್‌ಪೋರ್ಟ್ ಫೈಲಿನಲ್ಲಿ ಬಂದದ್ದು ಫೋಟೋ ಅಲ್ಲ, ಫೋಟೋ ಇರುವ ಲಿಂಕ್. ಅಕೌಂಟ್ ಮುಚ್ಚಿದ ದಿನ ಆ ಲಿಂಕ್ ಸಾಯುತ್ತದೆ. ಲಿಂಕಿನ ಕಾಲಂ ತುಂಬಿದ್ದರಿಂದ ಎಲ್ಲಾ ಬಂದಿದೆ ಅಂತಲೇ ಅನಿಸುತ್ತದೆ ನೋಡಿ, ಅದೇ ಅಪಾಯ.

ಮೊದಲು ಸಪೋರ್ಟಿಗೆ ಬರೆದು, ಅಟ್ಯಾಚ್‌ಮೆಂಟ್ ಸಮೇತ ಪೂರ್ತಿ ಬ್ಯಾಕಪ್ ಕೊಡುತ್ತೀರಾ ಅಂತ ಕೇಳಿ. ಕೊಟ್ಟರೆ ಬೇರೆ ತಾಪತ್ರಯ ಇಲ್ಲ. ನಮಗೆ ಸಿಗಲಿಲ್ಲ. ಆಗ ಬ್ರೌಸರಿನ ಪ್ರೈವೇಟ್ ವಿಂಡೋದಲ್ಲಿ ಒಂದು ಲಿಂಕ್ ಹಾಕಿ ನೋಡಿದೆ. ಲಾಗಿನ್ ಕೇಳದೆ ಫೋಟೋ ತೆರೆಯಿತು. ಹಾಗಿದ್ದರೆ ಪವರ್‌ಶೆಲ್‌ನಿಂದ ಒಟ್ಟಿಗೇ ಇಳಿಸಬಹುದು. `photos` ಅಂತ ಒಂದು ಫೋಲ್ಡರ್ ಮೊದಲೇ ಮಾಡಿಟ್ಟು:

```
Import-Csv .\files.csv | ForEach-Object {
  Invoke-WebRequest $_.url -OutFile ".\photos\$($_.id).jpg"
}
```

ಇಲ್ಲಿ `url` ಮತ್ತು `id` ನಿಮ್ಮ ಫೈಲಿನ ಕಾಲಮುಗಳ ಹೆಸರು. ಬೇರೆ ಇದ್ದರೆ ಬದಲಿಸಿ. `id` ಅನ್ನೋದು ಪ್ರತಿ ಫೋಟೋಗೂ ಬೇರೆ ಇರಬೇಕು, ಗಿರಾಕಿಯ ಐಡಿ ಹಾಕಿದರೆ ಒಬ್ಬನ ಐದು ಫೋಟೋದಲ್ಲಿ ಕೊನೆಯದು ಮಾತ್ರ ಉಳಿಯುತ್ತದೆ. ಮೊದಲು ಹತ್ತು ಸಾಲಿನ ಫೈಲಿನ ಮೇಲೆ ನಡೆಸಿ ನೋಡಿ. ಮುಗಿದ ಮೇಲೆ ಫೋಲ್ಡರನ್ನು ಸೈಜಿನ ಮೇಲೆ ಸಾಲಾಗಿ ಇಡಿ. ಸುಮಾರು ಫೈಲುಗಳು ಒಂದೇ ಅಳತೆಯ, ಕೆಲವೇ ಕೆಬಿಯ ಫೈಲುಗಳಾಗಿದ್ದರೆ ಅವು ಫೋಟೋ ಅಲ್ಲ. ಲಾಗಿನ್ ಪುಟ ಅಥವಾ ತಪ್ಪಿನ ಸಂದೇಶವೇ ಫೋಟೋ ಹೆಸರಿನಲ್ಲಿ ಬಂದು ಕೂತಿದೆ. ನಮ್ಮಲ್ಲಿ ಅಂಥವು 38 ಇದ್ದವು. ಅವನ್ನು ಕೈಯಾರೆ ಒಂದೊಂದಾಗಿ ತೆಗೆದೆವು, ಒಂದು ಮಧ್ಯಾಹ್ನ ಹೋಯಿತು. ಲಿಂಕುಗಳೇ ಲಾಗಿನ್ ಕೇಳಿದರೆ ಈ ಉಪಾಯ ನಡೆಯುವುದಿಲ್ಲ. ಆಗ ಇಬ್ಬರು ಹುಡುಗರನ್ನು ಕೂರಿಸಿ, ಬೇಕಾದ ಗಿರಾಕಿಗಳ ಫೋಟೋ ಮಾತ್ರ ಇಳಿಸೋದೇ ದಾರಿ.

ಹಳೆಯ ಬಿಲ್ಲು ಮರೆಯಬೇಡಿ

ನಿಮ್ಮ ಡೇಟಾ ತೆಗೆದಿರಿ. ಆ ಕಂಪನಿ ನಿಮಗೆ ಕೊಟ್ಟ ಬಿಲ್ಲುಗಳು? ಅವು ಬಿಲ್ಲಿಂಗ್ ಪುಟದೊಳಗೆ ಇರುತ್ತವೆ, ಅಕೌಂಟ್ ಹೋದರೆ ಅವೂ ಹೋಗುತ್ತವೆ. ಅವುಗಳ ಮೇಲೆ ಇನ್‌ಪುಟ್ ಕ್ರೆಡಿಟ್ ತೆಗೆದುಕೊಂಡಿದ್ದರೆ ಪುರಾವೆ ಬೇಕು. ಜಿಎಸ್‌ಟಿ ಕಾನೂನಿನಲ್ಲಿ ಲೆಕ್ಕದ ಕಾಗದಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಇಡಬೇಕು. 2023-24ರ ಸಾಲಿಗೆ ಕೊನೆಯ ದಿನ 2024ರ ಡಿಸೆಂಬರ್ 31, ಹಾಗಾಗಿ ಆ ವರ್ಷದ ಬಿಲ್ಲುಗಳು 2030ರ ಡಿಸೆಂಬರ್ 31ರವರೆಗೆ ಇರಬೇಕು. ನೀವು ಆ ಸಾಫ್ಟ್‌ವೇರ್‌ನಿಂದಲೇ ಗಿರಾಕಿಗಳಿಗೆ ಬಿಲ್ಲು ಕೊಡುತ್ತಿದ್ದರೆ ಆ ಬಿಲ್ಲುಗಳ ಪಿಡಿಎಫ್ ಕೂಡ ಇದೇ ಲೆಕ್ಕಕ್ಕೆ ಸೇರುತ್ತದೆ, ಬರೀ ಸಾಲುಗಳ ಫೈಲು ಸಾಲದು.

ಮುಚ್ಚುವ ವಾರ

ಮೊದಲ ಎಕ್ಸ್‌ಪೋರ್ಟ್ ಅನ್ನು ಅಭ್ಯಾಸ ಅಂದುಕೊಳ್ಳಿ. ನಾವು ಅದನ್ನು ಆಗಸ್ಟ್ ಕೊನೆಗೇ ಮುಗಿಸಿ, ಸೆಪ್ಟೆಂಬರ್ 4ಕ್ಕೆ ರಿನ್ಯೂವಲ್ ಬೇಡ ಅಂತ ಬರೆದು ಕಳಿಸಿದೆವು. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. "ನಿಮ್ಮ ಪ್ಲಾನ್ ಅಕ್ಟೋಬರ್ 10ಕ್ಕೆ ಮುಂದುವರಿಯುವುದಿಲ್ಲ" ಅಂತ ಅವರಿಂದ ಬರಹದಲ್ಲಿ ಉತ್ತರ ಬರುವವರೆಗೆ ಬೆನ್ನು ಬಿಡಲಿಲ್ಲ. ಇಲ್ಲಿ ಒಂದು ಎಚ್ಚರ: ಪ್ಲಾನ್ ರದ್ದು ಮಾಡುವ ಗುಂಡಿ ಬೇರೆ, ಅಕೌಂಟ್ ಅಳಿಸುವ ಗುಂಡಿ ಬೇರೆ. ರದ್ದು ಮಾಡಿದರೆ ಸಾಮಾನ್ಯವಾಗಿ ಹಣ ಕಟ್ಟಿದ ಕೊನೆಯ ದಿನದವರೆಗೆ ಒಳಗೆ ಹೋಗಬಹುದು. ಅಳಿಸಿದರೆ ಆ ಕ್ಷಣವೇ ಎಲ್ಲಾ ಹೋಗಬಹುದು. ಮೊದಲು ಒತ್ತಬೇಕಾದ್ದು ರದ್ದು.

ಸೆಪ್ಟೆಂಬರ್ 30ರ ಸಂಜೆ ಎಲ್ಲರಿಗೂ ಹೇಳಿಬಿಟ್ಟೆ, ನಾಳೆಯಿಂದ ಇದರಲ್ಲಿ ಎಂಟ್ರಿ ಇಲ್ಲ, ಶೀಟಿನಲ್ಲೇ. ಅಕ್ಟೋಬರ್ 1ಕ್ಕೆ ಕೊನೆಯ ಎಕ್ಸ್‌ಪೋರ್ಟ್. ಎಣಿಕೆ ತಾಳೆ ನೋಡಿದೆ. ಕೊಟೇಶನ್‌ಗಳ ಮೊತ್ತ ಕೂಡಿಸಿ ಪರದೆಯ ರಿಪೋರ್ಟಿನ ಜೊತೆ ಹೋಲಿಸಿದೆ. ಆಮೇಲೆ ಹತ್ತು ಗಿರಾಕಿಗಳನ್ನು ಆರಿಸಿ, ಪ್ರತಿಯೊಬ್ಬರ ಫೋನ್, ಕೊನೆಯ ಮಾತು, ಒಂದು ಫೋಟೋ ಮೂರನ್ನೂ ಪರದೆಯ ಪಕ್ಕ ಇಟ್ಟು ನೋಡಿದೆ. ಹತ್ತರಲ್ಲಿ ಹೊಸಬರು, ಹಳಬರು, ಕನ್ನಡದಲ್ಲಿ ಹೆಸರಿರುವವರು, ಬಹಳ ಫೋಟೋ ಇರುವವರು ಎಲ್ಲಾ ಇರಲಿ. ಫೈಲುಗಳ ಒಂದು ನಕಲು ಅಂಗಡಿಯ ಕಂಪ್ಯೂಟರಿನಲ್ಲಿ, ಇನ್ನೊಂದು ಮನೆಯ ಕಪಾಟಿನ ಹಾರ್ಡ್ ಡಿಸ್ಕಿನಲ್ಲಿ. ಆ ಡಿಸ್ಕನ್ನು ಬೇರೆ ಲ್ಯಾಪ್‌ಟಾಪಿಗೆ ಹಾಕಿ, ಇಂಟರ್‌ನೆಟ್ ಆಫ್ ಮಾಡಿ ತೆರೆದು ನೋಡಿದೆ. ಫೋಟೋ ಕಂಡವು ಅಂದರೆ ಅವು ನಿಜವಾಗಿ ನಮ್ಮ ಹತ್ತಿರ ಇವೆ.

ಇಷ್ಟಾದ ಮೇಲೆ ಕಾರ್ಡಿನ ಆಟೋ ಪೇಮೆಂಟ್ ರದ್ದು. ಬ್ಯಾಂಕಿನ ಆ್ಯಪಿನಲ್ಲಿ, ಯುಪಿಐ ಆದರೆ ಯುಪಿಐ ಆ್ಯಪಿನ ಆಟೋ ಪೇ ಪಟ್ಟಿಯಲ್ಲಿ ಇದು ಸಿಗುತ್ತದೆ. ಇದನ್ನು ಮೊದಲೇ ಮಾಡಿ ಕೈತೊಳೆದುಕೊಳ್ಳಬೇಡಿ. ಆಟೋ ಪೇಮೆಂಟ್ ರದ್ದು ಮಾಡಿದರೆ ಹಣ ನಿಲ್ಲುತ್ತದೆ, ಕರಾರು ನಿಲ್ಲುವುದಿಲ್ಲ; ಬಾಕಿ ಅಂತ ಬಿಲ್ಲು ಬರುತ್ತಲೇ ಇರುತ್ತದೆ, ಬಾಕಿ ಇದೆ ಅಂತ ಒಳಗೆ ಬಿಡದೆಯೂ ಇರಬಹುದು. ಅಂದರೆ ಎಕ್ಸ್‌ಪೋರ್ಟಿನ ಬಾಗಿಲೇ ಮುಚ್ಚಿತು. ವಾಟ್ಸ್‌ಆ್ಯಪ್ ನಂಬರನ್ನು ಆ ಸಾಫ್ಟ್‌ವೇರಿಗೆ ಜೋಡಿಸಿದ್ದರೆ ಅದನ್ನೂ ಅಕೌಂಟ್ ಇರುವಾಗಲೇ ಬಿಡಿಸಿಕೊಳ್ಳಿ. ಆಮೇಲೆ ಬಿಡಿಸೋದು ದೊಡ್ಡ ಗೋಳು.

ಹಣ ಕಡಿತವಾಗುವ ಕನಿಷ್ಠ 24 ಗಂಟೆ ಮೊದಲು ಬ್ಯಾಂಕು ಮೆಸೇಜ್ ಕಳಿಸಬೇಕು ಅನ್ನೋ ನಿಯಮ ಇದೆ. ನಾನು ಅಕ್ಟೋಬರ್ 8, 9ಕ್ಕೆ ಫೋನ್ ನೋಡುತ್ತಲೇ ಇದ್ದೆ. ಮೆಸೇಜ್ ಬರಲಿಲ್ಲ. 9ರ ರಾತ್ರಿ ಅಕೌಂಟ್ ಅಳಿಸುವ ಗುಂಡಿ ಒತ್ತಿ, ಬಂದ ಮೇಲನ್ನು ಹಳೆಯ ಬಿಲ್ಲುಗಳ ಫೋಲ್ಡರಿಗೆ ಹಾಕಿದೆ. ನವೆಂಬರ್, ಡಿಸೆಂಬರ್ ಎರಡೂ ತಿಂಗಳ ಕಾರ್ಡ್ ಸ್ಟೇಟ್‌ಮೆಂಟ್ ನೋಡಿದ ಮೇಲೆ ಆ ಫೈಲು ಮುಚ್ಚಿದೆ.

ಜನವರಿಯಲ್ಲಿ ಗದಗದಿಂದ ಫೋನ್. "ಸರ, ನರಗುಂದದ ಆ ಮೆಕ್ಯಾನಿಕ್ ಹೋದ ವರ್ಷ ಕಳಿಸಿದ್ದ ತಗಡಿನ ಫೋಟೋ ಐತೇನ್ರೀ? ಅದೇ ಮೋಟರ್ ಮತ್ತ ಸುಟ್ಟೈತಂತ." ಟಿಪ್ಪಣಿಯ ಫೈಲಿನಲ್ಲಿ ಹೆಸರು ಹುಡುಕಿ, ಐಡಿ ನೋಡಿ, ಫೋಲ್ಡರಿನಿಂದ ಫೋಟೋ ತೆಗೆದು ಕಳಿಸಿದೆ. ಮೂರು ನಿಮಿಷ ಹಿಡಿಯಿತು. ಸಾಫ್ಟ್‌ವೇರ್ ಇದ್ದಾಗ ಮೂವತ್ತು ಸೆಕೆಂಡು ಹಿಡಿಯುತ್ತಿತ್ತು, ಅದೂ ನಿಜವೇ.